ಎಷ್ಟು ಜನ ಸೇರಿದ್ದರು? ವಿಡಿಯೊದಿಂದ ಜನಸಂದಣಿಯ ಅಂದಾಜು ಮತ್ತು ಅದರ ತಪ್ಪಿನ ಅಂತರ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಮ್ಮ ಮಂಡ್ಯ ಜಿಲ್ಲೆ ಜನ ಸೇರುವ ಜಿಲ್ಲೆ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದು, ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಿದ ಕಾಲದಿಂದ ಕಾವೇರಿ ಚಳವಳಿಯ ಹೆದ್ದಾರಿ ತಡೆಗಳವರೆಗೆ ಇಲ್ಲಿನ ಸಾರ್ವಜನಿಕ ಬದುಕು ಬಯಲಿನಲ್ಲೇ ನಡೆದಿದೆ. ಕನ್ನಡ ಸಾಹಿತ್ಯ ಸಮ್ಮೇಳನ 1974ರಲ್ಲಿ, 1994ರಲ್ಲಿ, ಮತ್ತೆ 2024ರ ಡಿಸೆಂಬರ್ 20ರಿಂದ 22ರವರೆಗೆ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಮಂಡ್ಯದಲ್ಲೇ ಸೇರಿತು. ವರ್ಷಕ್ಕೊಮ್ಮೆ ಮಂಡ್ಯದ ಖಜಾನೆಯಿಂದ ವೈರಮುಡಿ ಹೊರಟು ಮೇಲುಕೋಟೆ ತಲುಪುವ ರಾತ್ರಿ ಅಲ್ಲಿನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಂಥ ಪ್ರತಿಯೊಂದು ಸಂದರ್ಭದ ಮರುದಿನವೂ ಒಂದು ಸಂಖ್ಯೆ ಹುಟ್ಟುತ್ತದೆ. ಸಂಘಟಕರು ಒಂದು ಹೇಳುತ್ತಾರೆ, ಪೊಲೀಸರು ಇನ್ನೊಂದು ಹೇಳುತ್ತಾರೆ, ಪತ್ರಿಕೆಯವರು ಎರಡರ ನಡುವೆ ಎಲ್ಲೋ ನಿಂತು "ಲಕ್ಷಾಂತರ" ಎಂದು ಬರೆಯುತ್ತಾರೆ.

ಈಗ ಡ್ರೋನ್ ಬಂದಿದೆ, ಕಂಬಕಂಬಕ್ಕೂ ಕ್ಯಾಮೆರಾ ಬಂದಿದೆ, ವಿಡಿಯೊ ನೋಡಿ ತಲೆ ಎಣಿಸುವ ತಂತ್ರಾಂಶವೂ ಬಂದಿದೆ. ಹಾಗಾಗಿ ಇನ್ನು ಮೇಲೆ ಜಗಳವಿಲ್ಲ, ಕಂಪ್ಯೂಟರ್ ಹೇಳಿದ್ದೇ ಸರಿ ಎಂಬ ಮಾತು ಕೇಳಿಬರುತ್ತಿದೆ. ಇಂದಿನ ನನ್ನ ಉಪನ್ಯಾಸ ಆ ಮಾತಿನ ಬಗ್ಗೆ. ಈ ಎಣಿಕೆ ಹೇಗೆ ನಡೆಯುತ್ತದೆ, ಅದರಿಂದ ಬಂದ ಸಂಖ್ಯೆಯ ಎಡಬಲಕ್ಕೆ ಎಷ್ಟು ಜಾಗ ಬಿಟ್ಟು ಓದಬೇಕು, ಎಲ್ಲಿ ಅದು ಅಪಾಯಕಾರಿಯಾಗಿ ತಪ್ಪುತ್ತದೆ ಎಂಬುದನ್ನು ಒಂದು ಮೈದಾನದ ಲೆಕ್ಕ ಮಾಡಿ ತೋರಿಸುತ್ತೇನೆ.

ಮೊದಲು ಕ್ಯಾಮೆರಾ ಇಲ್ಲದ ಲೆಕ್ಕ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಎಂಬುವರು ವಿದ್ಯಾರ್ಥಿ ಚಳವಳಿಯ ಸಭೆಗಳನ್ನು ಮೇಲಿನಿಂದ ನೋಡುತ್ತಿದ್ದರು. ಅಂಗಳದ ನೆಲದಲ್ಲಿ ಚೌಕ ಚೌಕವಾಗಿ ಗೆರೆಗಳಿದ್ದವು. ಕೆಲವು ಚೌಕಗಳಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿ, ಒಟ್ಟು ಚೌಕಗಳಿಗೆ ಗುಣಿಸಿದರು. ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ ಸುಮಾರು 10 ಚದರ ಅಡಿ, ಒತ್ತಾಗಿ ನಿಂತಲ್ಲಿ ಸುಮಾರು 4.5 ಚದರ ಅಡಿ, ಉಸಿರುಕಟ್ಟುವಂತೆ ಕಿಕ್ಕಿರಿದಲ್ಲಿ ಸುಮಾರು 2.5 ಚದರ ಅಡಿ ಸಿಗುತ್ತದೆ ಎಂಬ ಅಳತೆಯನ್ನು ಅವರು ಕೊಟ್ಟರು. ನಮ್ಮ ಮೀಟರ್ ಲೆಕ್ಕದಲ್ಲಿ ಹೇಳಿದರೆ ಚದರ ಮೀಟರಿಗೆ ಸುಮಾರು 1, 2.4 ಮತ್ತು 4.3 ಜನ. ಇಂದಿಗೂ ಯಾವ ಸಂಖ್ಯೆಯನ್ನಾದರೂ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಮೊದಲ ಒರೆಗಲ್ಲು ಇಲ್ಲ.

ಒಂದು ಉದಾಹರಣೆ. ಮದ್ದೂರಿನ ಆಸುಪಾಸಿನಲ್ಲಿ ಹೆದ್ದಾರಿಗೆ ಹೊಂದಿಕೊಂಡ ಒಂದು ಬಯಲು ಎಂದಿಟ್ಟುಕೊಳ್ಳೋಣ. ಉದ್ದ 150 ಮೀಟರ್, ಅಗಲ 80 ಮೀಟರ್. ವಿಸ್ತೀರ್ಣ 12,000 ಚದರ ಮೀಟರ್, ಅಂದರೆ ಸುಮಾರು ಮೂರು ಎಕರೆ. ಅಲ್ಲಿ ನಡೆದ ಸಮಾವೇಶಕ್ಕೆ ಒಂದು ಲಕ್ಷ ಜನ ಬಂದಿದ್ದರು ಎಂದು ಯಾರೋ ಹೇಳಿದರು. ಭಾಗಿಸಿ ನೋಡಿ: ಚದರ ಮೀಟರಿಗೆ ಎಂಟಕ್ಕಿಂತ ಹೆಚ್ಚು ಜನ. ಜನಸಂದಣಿಯ ಸುರಕ್ಷತೆಯನ್ನು ಅಧ್ಯಯನ ಮಾಡಿದ ಜಾನ್ ಫ್ರುಯಿನ್ ಅವರು, ಚದರ ಮೀಟರಿಗೆ 7 ಜನರ ಹೊತ್ತಿಗೆ ಗುಂಪು ದ್ರವದ ಹಾಗೆ ಹರಿಯಲು ಶುರುವಾಗುತ್ತದೆ, ಒಬ್ಬೊಬ್ಬರಿಗೂ ತಮ್ಮ ಮೈಮೇಲಿನ ಹಿಡಿತ ಹೋಗುತ್ತದೆ ಎಂದು ತೋರಿಸಿದ್ದಾರೆ. ಅಂಥ ಒತ್ತಡ ಮೂರು ಎಕರೆಯ ಉದ್ದಗಲಕ್ಕೂ ಇದ್ದಿದ್ದರೆ ಆ ದಿನದ ಸುದ್ದಿ ಭಾಷಣದ ಸುದ್ದಿಯಾಗಿರುತ್ತಿರಲಿಲ್ಲ, ಸಾವಿನ ಸುದ್ದಿಯಾಗಿರುತ್ತಿತ್ತು. ಇನ್ನು ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರೆ? ಕುರ್ಚಿಯ ಅಗಲ, ಮುಂದಿನ ಸಾಲಿನಿಂದ ಬಿಡುವ ಜಾಗ, ನಡುವೆ ಓಡಾಡುವ ದಾರಿ ಎಲ್ಲ ಸೇರಿ ಚದರ ಮೀಟರಿಗೆ ಒಂದೂವರೆಯಿಂದ ಎರಡು ಕುರ್ಚಿಗಿಂತ ಹೆಚ್ಚು ಹಿಡಿಸುವುದಿಲ್ಲ. ಬಯಲು ತುಂಬ ಕುರ್ಚಿ ಹಾಕಿದರೂ 20 ಸಾವಿರದ ಆಸುಪಾಸು. ಕ್ಯಾಮೆರಾ ಬೇಡ, ಕಂಪ್ಯೂಟರ್ ಬೇಡ, ಒಂದು ಅಳತೆ ಟೇಪು ಸಾಕು, ಒಂದು ಲಕ್ಷದ ಮಾತು ಬಿದ್ದುಹೋಗುತ್ತದೆ. ಶಿವಪುರದಂಥ ಹಳೆಯ ಸಭೆಗಳ ಬಗ್ಗೆಯೂ ನಮಗೆ ವಿಡಿಯೊ ಇಲ್ಲದಿದ್ದರೂ, ನೆಲದ ಅಳತೆ ಸಿಕ್ಕರೆ ಇಷ್ಟಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ ಎಂಬ ಮೇಲಿನ ಮಿತಿಯನ್ನಂತೂ ಹೇಳಬಹುದು.

ಮೇಲಿನ ಮಿತಿ ಸಿಕ್ಕಿತು. ಆದರೆ ನಿಜವಾಗಿ ಎಷ್ಟು ಜನ ಇದ್ದರು ಎಂಬುದು ಬೇರೆ ಪ್ರಶ್ನೆ. ಯಾವ ಗುಂಪೂ ಉದ್ದಗಲಕ್ಕೂ ಒಂದೇ ಸಮ ಹರಡಿರುವುದಿಲ್ಲ. ವೇದಿಕೆಯ ಮುಂದೆ ಒತ್ತು, ನಡುವೆ ಕುರ್ಚಿ, ಅಂಚಿನಲ್ಲಿ ಕಡಲೆಕಾಯಿ, ಕಬ್ಬಿನ ಹಾಲಿನ ಗಾಡಿಗಳ ಸುತ್ತ ಚದುರಿದ ಜನ. ಇಲ್ಲಿ ವಿಡಿಯೊ ನೆರವಿಗೆ ಬರುತ್ತದೆ.

ತಲೆಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವುದು ಮೊದಲಿನ ದಾರಿ. ಗುಂಪು ತೆಳುವಾಗಿದ್ದಾಗ ಅದು ನಡೆಯುತ್ತದೆ. ದಟ್ಟವಾದಾಗ ಒಂದು ತಲೆಯ ಅರ್ಧ ಇನ್ನೊಂದರ ಹಿಂದೆ ಅಡಗುತ್ತದೆ, ದೂರದವು ನಾಲ್ಕೈದು ಚುಕ್ಕೆಗಳಷ್ಟಾಗುತ್ತವೆ, ಒಂದೆಲ್ಲಿ ಮುಗಿಯಿತು ಇನ್ನೊಂದೆಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. 2010ರಲ್ಲಿ ವಿಕ್ಟರ್ ಲೆಂಪಿಟ್‌ಸ್ಕಿ ಮತ್ತು ಆಂಡ್ರ್ಯೂ ಜಿಸರ್ಮನ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ದಾರಿ ತೋರಿಸಿದರು. ತಲೆಯನ್ನು ಹುಡುಕಬೇಡಿ, ಚಿತ್ರದ ಪ್ರತಿ ಜಾಗದಲ್ಲಿ ಸಾಂದ್ರತೆ ಎಷ್ಟೆಂದು ಮಾತ್ರ ಅಂದಾಜು ಮಾಡಿ, ಕೊನೆಗೆ ಎಲ್ಲವನ್ನೂ ಕೂಡಿ ಎಂದರು. ಇದನ್ನು ಹೀಗೆ ಕಲ್ಪಿಸಿಕೊಳ್ಳಿ. ಚಿತ್ರದಲ್ಲಿರುವ ಪ್ರತಿ ತಲೆಯ ಮೇಲೂ ಸರಿಯಾಗಿ ಒಂದು ಗ್ರಾಂ ರಂಗೋಲಿ ಪುಡಿ ಉದುರಿಸಿದ್ದೇವೆ. ಪುಡಿ ಸ್ವಲ್ಪ ಸುತ್ತ ಹರಡಿಕೊಳ್ಳುತ್ತದೆ. ತಲೆಗಳು ಹತ್ತಿರವಿದ್ದಲ್ಲಿ ಒಂದರ ಪುಡಿ ಇನ್ನೊಂದರ ಪುಡಿಯ ಜೊತೆ ಬೆರೆತುಹೋಗುತ್ತದೆ, ಯಾವುದು ಯಾರದೆಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಿಲ್ಲ. ಒಂದು ಚೌಕದ ಪುಡಿಯನ್ನೆಲ್ಲ ಗುಡಿಸಿ ತೂಗಿದರೆ 212 ಗ್ರಾಂ ಬಂದರೆ ಅಲ್ಲಿ 212 ಜನ ಇದ್ದಾರೆ.

ಇದನ್ನು ಕಂಪ್ಯೂಟರಿಗೆ ಕಲಿಸುವುದು ಶ್ರಮದ ಕೆಲಸ. ಮನುಷ್ಯರು ಕೂತು ಸಾವಿರಾರು ಚಿತ್ರಗಳಲ್ಲಿ ತಲೆತಲೆಗೂ ಒಂದೊಂದು ಚುಕ್ಕೆ ಇಡಬೇಕು. 2016ರಲ್ಲಿ ಹೊರಬಂದ ಶಾಂಘೈಟೆಕ್ ಎಂಬ ಚಿತ್ರಸಂಗ್ರಹದಲ್ಲಿ 1,198 ಚಿತ್ರಗಳಿವೆ, ಅವುಗಳಲ್ಲಿ ಗುರುತು ಹಾಕಿದ ತಲೆಗಳು 3 ಲಕ್ಷ 30 ಸಾವಿರ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ತಮ್ಮ ವಿಧಾನವನ್ನು ಇಂಥ ಸಂಗ್ರಹಗಳ ಮೇಲೆ ಪರೀಕ್ಷಿಸುತ್ತಾರೆ. ಅದರ ದಟ್ಟ ಗುಂಪುಗಳ ಭಾಗದಲ್ಲಿ ಒಂದು ಚಿತ್ರಕ್ಕೆ ಸರಾಸರಿ 500 ಜನರಿದ್ದಾರೆ. ಸಂಗ್ರಹ ಬಂದ ವರ್ಷವೇ ಅದರ ಜೊತೆ ಪ್ರಕಟವಾದ ವಿಧಾನ ಒಂದು ಚಿತ್ರಕ್ಕೆ ಸರಾಸರಿ 110 ಜನರಷ್ಟು ತಪ್ಪುತ್ತಿತ್ತು. 2018ರಲ್ಲಿ ಬಂದ ಸಿಎಸ್‌ಆರ್‌ನೆಟ್ ಎಂಬ ವಿಧಾನ ಅದನ್ನು 68ಕ್ಕೆ ಇಳಿಸಿತು. ಅಂದರೆ ನೂರಕ್ಕೆ 22 ಇದ್ದದ್ದು 14ಕ್ಕೆ ಬಂತು. ಆಮೇಲೆ ಇನ್ನೂ ಸುಧಾರಣೆಗಳಾಗಿವೆ. ಆದರೆ ಇದು ಕಲಿತ ಚಿತ್ರಗಳಂಥದ್ದೇ ಚಿತ್ರಗಳ ಮೇಲೆ ಬರೆದ ಪರೀಕ್ಷೆಯ ಫಲಿತಾಂಶ ಎಂಬುದನ್ನು ಮರೆಯಬಾರದು. ಅಂತರ್ಜಾಲದಿಂದ ಆಯ್ದ, ಎಲ್ಲೆಲ್ಲಿಯದೋ ಗುಂಪುಗಳನ್ನು ನೋಡಿ ಕಲಿತ ತಂತ್ರಾಂಶವನ್ನು ಮಳವಳ್ಳಿಯ ಹಬ್ಬದ ಬೀದಿಗೆ ತಂದು ನಿಲ್ಲಿಸಿದರೆ ಅದೇ 14 ಸಿಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಯಾಕೆಂದರೆ ಅದು ಕಲಿತಿರುವುದು ಹೆಚ್ಚಾಗಿ ಬರಿಯ ತಲೆಗಳನ್ನು. ನಮ್ಮ ಹಬ್ಬದಲ್ಲಿ ಹೆಣ್ಣುಮಕ್ಕಳು ತಲೆಯ ಮೇಲೆ ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ಬರುತ್ತಾರೆ. ಮೇಲಿನಿಂದ ನೋಡಿದರೆ ಕಾಣುವುದು ತಟ್ಟೆ, ಹೂವು, ದೀಪ, ತಲೆ ಕಾಣುವುದಿಲ್ಲ. ಮಳವಳ್ಳಿಯ ಪಟ್ಟಲದಮ್ಮನ ಸಿಡಿ ಹಬ್ಬದ ಜನಸಾಗರ ರಾತ್ರಿಯದು. ಸರಪಟಾಕಿಯ ಹೊಗೆ, ಬಣ್ಣ ಬದಲಿಸುವ ಸೀರಿಯಲ್ ಲೈಟು, ಅಪ್ಪನ ಹೆಗಲ ಮೇಲೆ ಕೂತ ಮಗು, ಇವೆಲ್ಲ ಒಂದೇ ಫ್ರೇಮಿನಲ್ಲಿರುತ್ತವೆ. ಬೆಳಕು ಬಿದ್ದ ಅಂಗಡಿಸಾಲಿನಲ್ಲಿ ಚೆನ್ನಾಗಿ ಎಣಿಸಿದ ತಂತ್ರಾಂಶ, ಹತ್ತು ಮಾರು ಆಚೆಯ ಕತ್ತಲಲ್ಲಿ ನಿಂತ ಇನ್ನೂರು ಜನರನ್ನು ಖಾಲಿ ರಸ್ತೆ ಎಂದುಕೊಳ್ಳುತ್ತದೆ. ಇನ್ನೊಂದೆಡೆ ಗಾಡಿಯಲ್ಲಿ ಒಟ್ಟಿದ ಬಲೂನು, ಎಳನೀರಿನ ರಾಶಿ ಅದಕ್ಕೆ ತಲೆಗಳಾಗಿ ಕಾಣಬಹುದು. ರೈತರ ಸಮಾವೇಶದಲ್ಲಿ ಹಸಿರು ಶಾಲು ಬೀಸುವಾಗ ಒಂದು ಶಾಲು ಮೂರು ತಲೆಯನ್ನು ಮುಚ್ಚುತ್ತದೆ. ಡಿಸೆಂಬರಿನ ಮಧ್ಯಾಹ್ನದ ಬಿಸಿಲಿಗೆ ಅರ್ಧ ಸಭೆ ತಲೆಗೆ ಟವೆಲ್ ಹೊದ್ದು ಕೂತಿರುತ್ತದೆ.

ಈಗ ಅದೇ ಮೂರು ಎಕರೆ ಬಯಲಿನ ಲೆಕ್ಕವನ್ನು ಪೂರ್ತಿ ಮಾಡೋಣ. ಇಲ್ಲಿಂದ ಮುಂದಿನ ಎಣಿಕೆಗಳು ವಿಧಾನ ತೋರಿಸಲು ನಾನು ಕಟ್ಟಿಕೊಂಡವು. ಯಾವುದೇ ಪಕ್ಷದ, ಸಂಘಟನೆಯ ಸಭೆಯವಲ್ಲ.

ಮೊದಲು ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು? ಮೇಲಿನಿಂದ ಮನುಷ್ಯನ ತಲೆ ಸುಮಾರು 20ರಿಂದ 25 ಸೆಂಟಿಮೀಟರ್ ಅಗಲ ಕಾಣುತ್ತದೆ. ಅದು ಚಿತ್ರದಲ್ಲಿ ಕನಿಷ್ಠ ಎಂಟು ಹತ್ತು ಪಿಕ್ಸೆಲ್ ಇರಬೇಕೆಂದರೆ ಒಂದು ಪಿಕ್ಸೆಲ್ ನೆಲದ ಮೇಲೆ ಎರಡೂವರೆ ಸೆಂಟಿಮೀಟರ್ ಮೀರಬಾರದು. ಈಗ ಸಾಮಾನ್ಯವಾಗಿರುವ 4ಕೆ ವಿಡಿಯೊದ ಒಂದು ಫ್ರೇಮು 3,840 ಪಿಕ್ಸೆಲ್ ಅಗಲ, 2,160 ಪಿಕ್ಸೆಲ್ ಎತ್ತರ. ಹಾಗಾದರೆ ಒಂದು ಫ್ರೇಮಿಗೆ 96 ಮೀಟರ್ ಉದ್ದ, 54 ಮೀಟರ್ ಅಗಲದ ನೆಲ ಸಿಗುತ್ತದೆ. ಸಾಧಾರಣ ಅಗಲ ಲೆನ್ಸಿನ ಡ್ರೋನ್ ಸುಮಾರು 65 ಮೀಟರ್ ಮೇಲಿರಬೇಕು. ನಮ್ಮ ಬಯಲಿಗೆ ಇಂಥ ನಾಲ್ಕು ಫ್ರೇಮು ಬೇಕು, ಅಂಚುಗಳು ಒಂದರ ಮೇಲೊಂದು ಬರುವಂತೆ. ಆ ಅಂಚುಗಳಲ್ಲಿರುವವರು ಎರಡು ಸಲ ಲೆಕ್ಕಕ್ಕೆ ಸಿಗದಂತೆ ಚಿತ್ರಗಳನ್ನು ನೆಲದ ನಕ್ಷೆಯ ಮೇಲೆ ಕೂರಿಸಬೇಕು. ಮಾಧ್ಯಮದಲ್ಲಿ ಬರುವ ಸಮಾವೇಶದ ವಿಡಿಯೊ ಹೀಗಿರುವುದಿಲ್ಲ. ಅದು ವೇದಿಕೆಯ ಪಕ್ಕದ ಕ್ರೇನಿನಿಂದ ಓರೆಯಾಗಿ ತೆಗೆದದ್ದು. ಮುಂದಿನ ಸಾಲಿನ ತಲೆ 60 ಪಿಕ್ಸೆಲ್, ಹಿಂದಿನ ಸಾಲಿನದು ಮೂರು ಪಿಕ್ಸೆಲ್. ಓರೆ ನೋಟದಲ್ಲಿ ಹಿಂದಿನವರ ನಡುವಿನ ಖಾಲಿ ಜಾಗ ಮುಂದಿನವರ ತಲೆಗಳ ಹಿಂದೆ ಮುಚ್ಚಿಹೋಗುತ್ತದೆ. ಹಾಗಾಗಿ ತೆಳುವಾದ ಗುಂಪೂ ಒತ್ತಾಗಿ ಕಾಣುತ್ತದೆ. ಸಭೆ ತುಂಬಿದೆ ಎಂದು ತೋರಿಸಲು ಛಾಯಾಗ್ರಾಹಕರು ಕೆಳಗಿನಿಂದ ತೆಗೆಯುವುದೂ, ಖಾಲಿ ಇದೆ ಎಂದು ತೋರಿಸಲು ನೆತ್ತಿಯಿಂದ ತೆಗೆಯುವುದೂ ಇದೇ ಕಾರಣಕ್ಕೆ.

ಸರಿಯಾದ ವಿಡಿಯೊ ಸಿಕ್ಕಿತು, ತಂತ್ರಾಂಶ ಓಡಿತು. ವೇದಿಕೆಯ ಮುಂದೆ ನಿಂತವರು 3,100, ಕುರ್ಚಿಯ ಭಾಗದಲ್ಲಿ 12,400, ಅಂಚಿನಲ್ಲಿ 2,000, ಒಟ್ಟು 17,500 ಎಂದು ಅದು ಹೇಳಿತು. ಬಹಳಷ್ಟು ಮಂದಿ ಇಲ್ಲಿಗೆ ನಿಲ್ಲಿಸಿ ಈ ಸಂಖ್ಯೆಯನ್ನೇ ಪ್ರಕಟಿಸುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರು. ಮೂರೂ ಭಾಗಗಳಲ್ಲಿ ಚೀಟಿ ಎತ್ತಿ ಹತ್ತು ಮೀಟರ್ ಚೌಕದ ಕೆಲವು ತುಣುಕುಗಳನ್ನು ಆರಿಸಬೇಕು. ಕಣ್ಣಿಗೆ ಚಂದ ಕಂಡದ್ದನ್ನು ಆರಿಸಬಾರದು. ಆ ತುಣುಕುಗಳನ್ನು ದೊಡ್ಡದು ಮಾಡಿ, ಇಬ್ಬರು ಬೇರೆ ಬೇರೆ ಕೂತು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದಂತೆ ಕೈಯಲ್ಲಿ ಎಣಿಸಬೇಕು. ಅನುಮಾನ ಬಂದ ಕಡೆ ವಿಡಿಯೊವನ್ನು ಹಿಂದೆ ಮುಂದೆ ಓಡಿಸಿ ನೋಡಬೇಕು. ಒಂದು ಕ್ಷಣ ಮರೆಯಾಗಿದ್ದ ತಲೆ ಮರುಕ್ಷಣ ಈಚೆ ಬಂದಿರುತ್ತದೆ. ಇದು ಸ್ಥಿರಚಿತ್ರಕ್ಕಿಲ್ಲದ ವಿಡಿಯೊದ ದೊಡ್ಡ ಅನುಕೂಲ.

ಹೀಗೆ ಎಣಿಸಿದಾಗ ವೇದಿಕೆಯ ಮುಂದಿನ ತುಣುಕುಗಳಲ್ಲಿ ಸರಾಸರಿ ಕೈಲೆಕ್ಕ 262 ಬಂತು, ತಂತ್ರಾಂಶದ ಲೆಕ್ಕ 211. ಕುರ್ಚಿಯ ಭಾಗದಲ್ಲಿ ಕೈಲೆಕ್ಕ 163, ತಂತ್ರಾಂಶದ್ದು 155. ಅಂಚಿನಲ್ಲಿ ಉಲ್ಟಾ: ಕೈಲೆಕ್ಕ 174, ತಂತ್ರಾಂಶದ್ದು 200, ಏಕೆಂದರೆ ಅದು ಬಲೂನು, ಚೀಲಗಳನ್ನೂ ಸೇರಿಸಿಕೊಂಡಿದೆ. ಅಂದರೆ ಮೊದಲ ಭಾಗಕ್ಕೆ 1.24, ಎರಡನೆಯದಕ್ಕೆ 1.05, ಮೂರನೆಯದಕ್ಕೆ 0.87ರಿಂದ ಗುಣಿಸಬೇಕು. ಗುಣಿಸಿ ಕೂಡಿದರೆ ಸುಮಾರು 18,600. ಒಟ್ಟು ಮೊತ್ತ ಅಷ್ಟೇನೂ ಬದಲಾಗಲಿಲ್ಲ, ಒಂದು ಕಡೆಯ ಕೊರತೆ ಇನ್ನೊಂದು ಕಡೆಯ ಹೆಚ್ಚಳದಲ್ಲಿ ಸ್ವಲ್ಪ ಮುಚ್ಚಿಹೋಯಿತು. ಒಳಗಿನ ಹಂಚಿಕೆ ಮಾತ್ರ ತುಂಬ ಬದಲಾಯಿತು.

ಇನ್ನು ಕಾಣದೇ ಇದ್ದವರು. ಬಯಲಿನ ಒಂದು ಬದಿಗೆ ಶಾಮಿಯಾನ, ಇನ್ನೊಂದು ಬದಿಗೆ ಹೊಂಗೆಮರಗಳು, ಒಟ್ಟು 1,500 ಚದರ ಮೀಟರ್ ನೆರಳು. ನಮ್ಮ ಬಿಸಿಲಿಗೆ ಜನ ಮೊದಲು ಹೋಗಿ ಕೂರುವುದೇ ಅಲ್ಲಿ. ಮೇಲಿನ ಕ್ಯಾಮೆರಾಕ್ಕೆ ಅವರಲ್ಲಿ ಒಬ್ಬರೂ ಕಾಣುವುದಿಲ್ಲ. ಚದರ ಮೀಟರಿಗೆ 1ರಿಂದ 2.5 ಎಂದು ಹಿಡಿದರೆ ಅಲ್ಲಿ 1,500ರಿಂದ 3,750 ಜನ. ಕಂಡವರ ಲೆಕ್ಕದಲ್ಲೂ, ಕೈಯಲ್ಲಿ ಎಣಿಸಿದ ತುಣುಕುಗಳು ಕೆಲವೇ ಆದ್ದರಿಂದ, ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆ ಬಿಡಬೇಕು: 16,700ರಿಂದ 20,500. ಎರಡನ್ನೂ ಕೂಡಿದರೆ ಆ ಗಳಿಗೆಯಲ್ಲಿ ಆ ಬಯಲಿನಲ್ಲಿದ್ದವರು 18 ಸಾವಿರದಿಂದ 24 ಸಾವಿರ.

ಒಳ್ಳೆಯ ಕ್ಯಾಮೆರಾ, ಹಗಲು ಬೆಳಕು, ಅಳೆದ ನೆಲ, ಕೈಲೆಕ್ಕದ ತಾಳೆ, ಇಷ್ಟೆಲ್ಲ ಇದ್ದೂ ಆರು ಸಾವಿರ ಜನರ ಅಂತರ ಉಳಿಯಿತು. ಇದು ವಿಧಾನದ ಸೋಲಲ್ಲ, ಅದರ ನಿಜವಾದ ಉತ್ತರವೇ ಇದು. ಒಂದು ಸೆಕೆಂಡಿಗೆ 25 ಫ್ರೇಮು ಇವೆಯಲ್ಲ, ಎಲ್ಲವನ್ನೂ ಎಣಿಸಿ ಸರಾಸರಿ ತೆಗೆದರೆ ಅಂತರ ಕಿರಿದಾಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗುವುದಿಲ್ಲ. ಫ್ರೇಮಿನಿಂದ ಫ್ರೇಮಿಗೆ ಆಗುವ ಸಣ್ಣ ಏರಿಳಿತ ಮಾತ್ರ ಸರಾಸರಿಯಲ್ಲಿ ಕರಗುತ್ತದೆ. ಮರದ ಕೆಳಗಿರುವವರು ಮೊದಲ ಫ್ರೇಮಿನಲ್ಲೂ ಕಾಣುವುದಿಲ್ಲ, ಸಾವಿರದ ಫ್ರೇಮಿನಲ್ಲೂ ಕಾಣುವುದಿಲ್ಲ. ಒಂದೇ ದಿಕ್ಕಿಗೆ ಆಗುವ ತಪ್ಪನ್ನು ಎಷ್ಟು ಸಲ ಮಾಡಿದರೂ ಅದು ತಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಯಾರಾದರೂ 21,347 ಎಂದು ಬಿಡಿಯವರೆಗೂ ಹೇಳಿದರೆ ಅನುಮಾನಿಸಿ. ಅದು ಎಣಿಕೆಯ ನಿಖರತೆಯಲ್ಲ, ತಂತ್ರಾಂಶ ತೋರಿಸಿದ್ದನ್ನು ಹಾಗೆಯೇ ನಕಲು ಮಾಡಿದ ಗುರುತು.

ಇಷ್ಟು ಹೊತ್ತು ಹೇಳಿದ್ದು ಒಂದು ಗಳಿಗೆಯ ಮಾತು. ಜಾತ್ರೆಗೆ ಎಷ್ಟು ಜನ ಬಂದಿದ್ದರು ಎಂಬುದು ಇದಕ್ಕಿಂತ ಬಹಳ ಕಷ್ಟದ ಪ್ರಶ್ನೆ. ಸಂಜೆ ಐದಕ್ಕೆ ಬಂದು ಏಳಕ್ಕೆ ಹೋದವರು, ಹತ್ತಕ್ಕೆ ಬಂದು ಬೆಳಗಿನವರೆಗೆ ಇದ್ದವರು ಎಲ್ಲರೂ ಬಂದವರೇ. ಒಂದು ಹೊತ್ತಿನಲ್ಲಿ 20 ಸಾವಿರ ಇದ್ದು, ಒಬ್ಬೊಬ್ಬರು ಸರಾಸರಿ ಮೂರು ಗಂಟೆ ಉಳಿದರು, ಜಾತ್ರೆ ಹನ್ನೆರಡು ಗಂಟೆ ನಡೆಯಿತು ಎಂದರೆ ಬಂದುಹೋದವರು 80 ಸಾವಿರ. ಸರಾಸರಿ ನಾಲ್ಕು ಗಂಟೆ ಉಳಿದರು ಎಂದರೆ 60 ಸಾವಿರ. ಒಂದು ಗಂಟೆಯ ಊಹೆ ಬದಲಾದರೆ 20 ಸಾವಿರ ಜನ ಹುಟ್ಟುತ್ತಾರೆ, ಇಲ್ಲವೇ ಮಾಯವಾಗುತ್ತಾರೆ. ಮೂರು ದಿನದ ಸಮ್ಮೇಳನದಲ್ಲಿ ಮೂರು ದಿನವೂ ಬಂದ ಮಂಡ್ಯದ ಮೇಷ್ಟ್ರು ದಿನದ ಲೆಕ್ಕಗಳನ್ನು ಕೂಡಿದಾಗ ಮೂರು ಜನವಾಗುತ್ತಾರೆ. ವಿಡಿಯೊದಲ್ಲಿ ಇದಕ್ಕೆ ಉತ್ತರವಿಲ್ಲ, ಯಾರು ಎಷ್ಟು ಹೊತ್ತು ಇದ್ದರು ಎಂದು ಕೆಲವು ನೂರು ಜನರನ್ನು ಹೊರಹೋಗುವ ದಾರಿಯಲ್ಲಿ ಕೇಳಿಯೇ ತಿಳಿಯಬೇಕು. ನೆಲದ ಅಳತೆಯಲ್ಲಿ ನೂರಕ್ಕೆ 10, ಸಾಂದ್ರತೆಯಲ್ಲಿ 20, ಉಳಿದ ಸಮಯದಲ್ಲಿ 30ರಷ್ಟು ಅನಿಶ್ಚಯ ಇದ್ದು, ಮೂರೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಉದಾರವಾಗಿ ಹಿಡಿದರೂ, ಒಟ್ಟು ಅನಿಶ್ಚಯ ಸುಮಾರು 37 ಆಗುತ್ತದೆ. 80 ಸಾವಿರ ಎಂದರೆ 50 ಸಾವಿರದಿಂದ 1 ಲಕ್ಷ 10 ಸಾವಿರ ಎಂದು ಓದಿಕೊಳ್ಳಬೇಕು.

ಮೆರವಣಿಗೆಗೆ ಸಾಂದ್ರತೆಯ ಎಣಿಕೆ ಅಷ್ಟು ಹೊಂದುವುದಿಲ್ಲ. ಮಂಡ್ಯದ ಸಂಜಯ ವೃತ್ತವನ್ನು ದಾಟಿ ಹೋಗುವ ಮೆರವಣಿಗೆಯಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಕಲ್ಪಿಸಿ, ನಿಮಿಷಕ್ಕೆ ಎಷ್ಟು ಜನ ದಾಟಿದರು ಎಂದು ಎಣಿಸುವುದೇ ಮೇಲು. ನಡುದಾರಿಯಲ್ಲಿ ಸೇರಿದವರು, ಬಿಟ್ಟುಹೋದವರನ್ನು ಹಿಡಿಯಲು ಮುಂದೆ ಇನ್ನೊಂದು ಗೆರೆ ಬೇಕು. ಹಾಂಗ್‌ಕಾಂಗಿನಲ್ಲಿ ಪಾಲ್ ಯಿಪ್ ಎಂಬ ಸಂಖ್ಯಾಶಾಸ್ತ್ರಜ್ಞರು ವರ್ಷಗಟ್ಟಲೆ ಹೀಗೆ ಎಣಿಸಿದ್ದಾರೆ. 2019ರ ಜುಲೈ 1ರ ಮೆರವಣಿಗೆಗೆ ಸಂಘಟಕರು 5 ಲಕ್ಷ 50 ಸಾವಿರ ಎಂದರು, ಪೊಲೀಸರು 1 ಲಕ್ಷ 90 ಸಾವಿರ ಎಂದರು. ಮೇಲ್ಸೇತುವೆಗಳ ಮೇಲೆ ಕ್ಯಾಮೆರಾ ಇಟ್ಟು ಕಂಪ್ಯೂಟರ್ ನೆರವಿನಿಂದ ಎಣಿಸಿದಾಗ ಬಂದದ್ದು 2 ಲಕ್ಷ 65 ಸಾವಿರ.

ಅಂತರವನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಒಂದು ಒಳ್ಳೆಯ ಮಾದರಿಯೂ ಇದೆ. 1995ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ಬೃಹತ್ ಸಮಾವೇಶ ನಡೆಯಿತು. ಹತ್ತು ಲಕ್ಷ ಜನ ಎಂಬುದು ಅದರ ಹೆಸರಿನಲ್ಲೇ ಇತ್ತು. ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ 4 ಲಕ್ಷ ಎಂದಿತು. ಸಂಘಟಕರು ಮೊಕದ್ದಮೆ ಹೂಡುವುದಾಗಿ ಹೇಳಿದರು. ಬಾಸ್ಟನ್ ವಿಶ್ವವಿದ್ಯಾಲಯದ ಫಾರೂಕ್ ಎಲ್-ಬಾಜ್ ಆಕಾಶದಿಂದ ತೆಗೆದ ಚಿತ್ರಗಳನ್ನು ಚೌಕಗಳಾಗಿ ವಿಭಾಗಿಸಿ ಎಣಿಸಿ, 8 ಲಕ್ಷ 37 ಸಾವಿರ, ನೂರಕ್ಕೆ 20 ಹೆಚ್ಚು ಕಡಿಮೆ ಎಂದರು. ತಮ್ಮ ಸಂಖ್ಯೆಯ ಜೊತೆ ತಪ್ಪಿನ ಅಂತರವನ್ನೂ ಅವರು ಕೊಟ್ಟದ್ದರಿಂದ, ಹತ್ತು ಲಕ್ಷ ಸಾಧ್ಯವಿತ್ತು, ನಾಲ್ಕು ಲಕ್ಷ ಸಾಧ್ಯವಿರಲಿಲ್ಲ ಎಂದು ಓದುಗರು ತಾವೇ ತೀರ್ಮಾನಿಸಬಹುದಾಗಿತ್ತು. ಅಗಲವಾದ ಅಂತರವೂ ಒಂದು ಜಗಳವನ್ನು ಬಗೆಹರಿಸಬಲ್ಲದು. ಆ ಪ್ರಕರಣದ ನಂತರ ಆ ಇಲಾಖೆ ಜನರನ್ನು ಎಣಿಸುವುದನ್ನೇ ಕೈಬಿಟ್ಟಿತು. ಅದು ಸರಿಯಾದ ತೀರ್ಮಾನವೆಂದು ನನಗೆ ಅನ್ನಿಸುವುದಿಲ್ಲ. ಎಣಿಕೆ ಬಿಡುವ ಬದಲು ಅಂತರವನ್ನು ಹೇಳಿ ಎಣಿಸಬೇಕಿತ್ತು.

ಇನ್ನೊಂದು ವಿಷಯ ಉಳಿದಿದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ವೇದಿಕೆಯ ಮುಂದಿನ ತುಣುಕುಗಳಲ್ಲಿ ತಂತ್ರಾಂಶ ಐದರಲ್ಲಿ ಒಬ್ಬರನ್ನು ಬಿಟ್ಟಿತು ಎಂದೆನಲ್ಲ, ಅದು ಸರಾಸರಿ. ಬ್ಯಾರಿಕೇಡಿಗೆ ಒತ್ತಿಕೊಂಡ ಐದು ಮೀಟರ್ ಚೌಕವನ್ನಷ್ಟೇ ತೆಗೆದುಕೊಳ್ಳಿ. ಅಲ್ಲಿ ಕೈಲೆಕ್ಕ 152, ತಂತ್ರಾಂಶದ ಲೆಕ್ಕ 109 ಎಂದಿಟ್ಟುಕೊಳ್ಳಿ. ತಂತ್ರಾಂಶದ ಪ್ರಕಾರ ಚದರ ಮೀಟರಿಗೆ 4.4 ಜನ, ಅಂದರೆ ಕಿಕ್ಕಿರಿದಿದೆ, ಆದರೂ ನಡೆಯುತ್ತದೆ. ನಿಜದಲ್ಲಿ 6.1, ಅಂದರೆ ಕಾಲ್ತುಳಿತದ ಹೊಸ್ತಿಲು. ಇದು ನಾನು ಕಟ್ಟಿದ ಸಂಖ್ಯೆಯಾದರೂ ತಪ್ಪು ಸಾಮಾನ್ಯವಾಗಿ ವಾಲುವ ದಿಕ್ಕು ಇದೇ. ಗುಂಪು ಒತ್ತಾದಷ್ಟೂ ಒಂದು ತಲೆ ಇನ್ನೊಂದನ್ನು ಮರೆಮಾಡುತ್ತದೆ. ಕಲಿಕೆಯ ಚಿತ್ರಗಳಲ್ಲಿ ಅಷ್ಟು ದಟ್ಟಣೆಯವು ಕಡಿಮೆ ಇರುವುದರಿಂದ ತಂತ್ರಾಂಶ ತನಗೆ ಗೊತ್ತಿರುವ ಸಾಧಾರಣ ದಟ್ಟಣೆಯ ಕಡೆಗೆ ಜಾರುತ್ತದೆ. ಎಲ್ಲಿ ಸರಿಯಾದ ಲೆಕ್ಕ ಪ್ರಾಣದ ಪ್ರಶ್ನೆಯೋ ಅಲ್ಲೇ ಅದು ಕಡಿಮೆ ಹೇಳುತ್ತದೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಕ್ರೀಡಾಂಗಣದ ಸಾಮರ್ಥ್ಯ 35 ಸಾವಿರ, ಬಂದವರು ಎರಡು ಮೂರು ಲಕ್ಷ ಎಂದು ಮುಖ್ಯಮಂತ್ರಿಗಳು ಅಂದು ಹೇಳಿದರು. ಒಟ್ಟು ಎರಡು ಲಕ್ಷವೋ ಮೂರು ಲಕ್ಷವೋ ಎಂಬುದರಿಂದ ಆ ಹನ್ನೊಂದು ಜನರ ಸಾವು ನಿರ್ಧಾರವಾಗಲಿಲ್ಲ. ಗೇಟುಗಳ ಮುಂದಿನ ಕೆಲವೇ ಮೀಟರ್ ಜಾಗದಲ್ಲಿ ಎಷ್ಟು ಒತ್ತಿತ್ತು, ಹಿಂದಿನಿಂದ ಎಷ್ಟು ಬೇಗ ಜನ ಸೇರುತ್ತಿದ್ದರು ಎಂಬುದರಿಂದ ಆಯಿತು. ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ನಲವತ್ತು ತಪ್ಪಿದರೆ ಪತ್ರಿಕೆಯಲ್ಲಿ ಒಂದು ಶೀರ್ಷಿಕೆ ತಪ್ಪಾಗುತ್ತದೆ. ಗೇಟಿನ ಮುಂದಿನ ಲೆಕ್ಕದಲ್ಲಿ ಮೂವತ್ತು ತಪ್ಪಿದರೆ ಮನೆಮಕ್ಕಳು ಹಿಂದಿರುಗುವುದಿಲ್ಲ. ಆದ್ದರಿಂದ ಬಂದೋಬಸ್ತಿಗೆ ವಿಡಿಯೊ ಎಣಿಕೆ ಬಳಸುವ ಅಧಿಕಾರಿಗಳು ಎಚ್ಚರಿಕೆಯ ಗಂಟೆಯನ್ನು ತಂತ್ರಾಂಶದ 6ಕ್ಕೆ ಇಡಬಾರದು. 3.5 ಅಥವಾ 4 ತೋರಿಸಿದಾಗಲೇ ದಾರಿ ಬಿಡಿಸಬೇಕು. ಕ್ಯಾಮೆರಾದಲ್ಲಿ ಜನರ ತಲೆಗಳು ಒಟ್ಟಾಗಿ ಅಲೆಯ ಹಾಗೆ ಅತ್ತಿತ್ತ ಓಲಾಡತೊಡಗಿದರೆ ಸಂಖ್ಯೆಗೆ ಕಾಯುವ ಪ್ರಶ್ನೆಯೇ ಇಲ್ಲ. ಆ ಓಲಾಟವನ್ನು ನೋಡಿ ತಿಳಿಯಲು ಮಾನಿಟರ್ ಮುಂದೆ ಒಬ್ಬ ಮನುಷ್ಯ ಕೂತಿರಬೇಕು.

ಪತ್ರಕರ್ತ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು: ಜನರ ಸಂಖ್ಯೆ ಬರೆಯುವಾಗ ಅದು ಎಷ್ಟು ಗಂಟೆಯದು, ಯಾವ ಜಾಗದ್ದು, ಯಾರು ಹೇಗೆ ಎಣಿಸಿದ್ದು ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿ, ಕೆಳಗಿನ ಮಿತಿ, ಮೇಲಿನ ಮಿತಿ ಎರಡನ್ನೂ ಕೊಡಿ. ನಗರಸಭೆ, ಪುರಸಭೆಯವರಲ್ಲಿ ಇನ್ನೊಂದು ಕೋರಿಕೆ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಸಭೆ, ಜಾತ್ರೆ ನಡೆಯುವ ಪ್ರತಿ ಬಯಲಿನ, ಪ್ರತಿ ರಥಬೀದಿಯ ಉದ್ದ ಅಗಲ ಅಳೆದು, ವೇದಿಕೆ, ಅಂಗಡಿ, ಆಂಬ್ಯುಲೆನ್ಸ್ ದಾರಿ ಕಳೆದು ಉಳಿಯುವ ಚದರ ಮೀಟರ್ ಎಷ್ಟು, ಅಲ್ಲಿ ಸುರಕ್ಷಿತವಾಗಿ ಎಷ್ಟು ಜನ ನಿಲ್ಲಬಹುದು ಎಂಬುದನ್ನು ಒಂದು ಫಲಕದಲ್ಲಿ ಬರೆಸಿ ಅಲ್ಲೇ ನಿಲ್ಲಿಸಿ. ಇದಕ್ಕೆ ಡ್ರೋನ್ ಬೇಡ. ಒಂದು ಅಳತೆ ಟೇಪು, ಇಬ್ಬರು ನೌಕರರು, ಒಂದು ದಿನ ಸಾಕು. ಮುಂದಿನ ಹಬ್ಬದೊಳಗೆ ಅದನ್ನು ಮಾಡಿಸಿ.